ಸಂಬಳದಲ್ಲಿ ಹಿಡಿದ ತೆರಿಗೆ ನಿಮ್ಮ ಹೆಸರಿಗೆ ಜಮಾ ಆಯ್ತಾ? 26ಎಎಸ್ ಬಿಡಿಸಿ ನೋಡಿ

2025ರ ಆಗಸ್ಟ್ ಮೊದಲ ವಾರ. ರಾತ್ರಿ ಊಟದ ಹೊತ್ತಿಗೆ ತಮ್ಮನ ಫೋನ್ ಬಂತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಆದಾಯ ತೆರಿಗೆ ರಿಟರ್ನ್ ತುಂಬಲು ಕೂತಿದ್ದ.

"ಅಕ್ಕ, ತಿಂಗಳು ತಿಂಗಳೂ ಸಂಬಳದಲ್ಲಿ ತೆರಿಗೆ ಹಿಡ್ಕೊಂಡಿದ್ದಾರೆ. ಈಗ ನೋಡಿದ್ರೆ ಇನ್ನೂ 23,400 ರೂಪಾಯಿ ಕಟ್ಟು, ಮೇಲೆ ಬಡ್ಡಿ ಬೇರೆ ಅಂತಿದೆ. ಕಟ್ಟಿಬಿಡ್ಲಾ?"

"ಬೇಡ, ಮೊದಲು 26ಎಎಸ್ ತೆಗಿ" ಅಂದೆ. 26ಎಎಸ್ ಅಂದರೆ ನಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯನ್ನು ತೋರಿಸುವ ಇಲಾಖೆಯ ಹಾಳೆ. ನಾನು ಎಷ್ಟೋ ವರ್ಷ ಒಂದು ಸಂಸ್ಥೆಯಲ್ಲಿ ಸಂಬಳದ ಲೆಕ್ಕ ನೋಡಿಕೊಂಡವಳು. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಅದರ ರಿಟರ್ನ್ ತುಂಬಿದ ಕೈ ಇದು. ಹಾಗಾಗಿ 23,400 ಅನ್ನುವ ಅಂಕಿ ಕೇಳಿದ ಕೂಡಲೇ ಅನುಮಾನ ಬಂತು. ಅವನ ಸಂಬಳದ ಚೀಟಿಯಲ್ಲಿ ತಿಂಗಳಿಗೆ 7,800 ಕಡಿತ. ಮೂರು ತಿಂಗಳದ್ದು ಸೇರಿಸಿದರೆ ಸರಿಯಾಗಿ 23,400. ಅಂದರೆ ತೆರಿಗೆ ಕಡಿಮೆ ಹಿಡಿದದ್ದಲ್ಲ, ಒಂದು ಇಡೀ ತ್ರೈಮಾಸಿಕ ಅವನ ಖಾತೆಗೆ ಬಂದಿಲ್ಲ.

ಮೊದಲು ಅವನ ವರ್ಷದ ಲೆಕ್ಕ ಹೇಳುತ್ತೇನೆ. 2024-25ರಲ್ಲಿ ಒಟ್ಟು ಸಂಬಳ 13,25,000. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 12,50,000 ಉಳಿಯುತ್ತದೆ. ಆ ವರ್ಷದ ಸ್ಲ್ಯಾಬ್ ಪ್ರಕಾರ ಅದರ ಮೇಲೆ 90,000 ತೆರಿಗೆ, ಶೇ. 4 ಸೆಸ್ 3,600. ಒಟ್ಟು 93,600. ಹನ್ನೆರಡರಿಂದ ಭಾಗಿಸಿ, 7,800. ಕಂಪನಿ ಲೆಕ್ಕ ಸರಿಯಾಗಿಯೇ ಹಾಕಿತ್ತು. ಅವನ ಕೈಯಿಂದ ದುಡ್ಡೂ ಹೋಗಿತ್ತು. ಆದರೆ ಪೋರ್ಟಲ್‌ನಲ್ಲಿ ಅವನ ಹೆಸರಿಗೆ ಇದ್ದದ್ದು 70,200 ಮಾತ್ರ.

ನಮ್ಮಲ್ಲಿ ತುಂಬಾ ಜನ ಸಂಬಳದ ಚೀಟಿಯಲ್ಲಿ ಟಿಡಿಎಸ್ ಅಂತ ಕಂಡರೆ ತೆರಿಗೆ ಕಟ್ಟಾಯ್ತು ಅಂದುಕೊಳ್ಳುತ್ತಾರೆ. ಆ ಚೀಟಿ ಹೇಳುವುದು ಒಂದೇ ಮಾತು: ನಿಮ್ಮಿಂದ ಇಷ್ಟು ಹಿಡಿದಿದ್ದೇವೆ ಅಂತ. ಹಿಡಿದದ್ದು ಸರ್ಕಾರಕ್ಕೆ ಹೋಯ್ತಾ, ಹೋಗಿದ್ದರೆ ನಿಮ್ಮ ಪ್ಯಾನ್‌ಗೇ ಸೇರಿತಾ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದನ್ನು ಹೇಳುವುದು 26ಎಎಸ್.

ತೆಗೆಯುವುದು ಕಷ್ಟವಿಲ್ಲ. `incometax.gov.in`ನಲ್ಲಿ ಲಾಗಿನ್ ಆಗಿ, `e-File`, ಅದರೊಳಗೆ `Income Tax Returns`, ಅದರೊಳಗೆ `View Form 26AS`. ಅಲ್ಲಿಂದ ಟ್ರೇಸಸ್ ಅನ್ನುವ ಇನ್ನೊಂದು ತಾಣಕ್ಕೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಅಸೆಸ್‌ಮೆಂಟ್ ವರ್ಷ ಆರಿಸಬೇಕು. ಇಲ್ಲೇ ಮೊದಲ ಎಡವಟ್ಟು. 2024-25ರಲ್ಲಿ ದುಡಿದ ಸಂಬಳಕ್ಕೆ 2025-26 ಅಂತ ಆರಿಸಬೇಕು. ತಪ್ಪು ವರ್ಷ ಆರಿಸಿ ಎಲ್ಲ ಖಾಲಿ ಕಂಡು ಗಾಬರಿಯಾದವರನ್ನು ನೋಡಿದ್ದೇನೆ.

ತೆರೆದ ಕೂಡಲೇ ಮೊದಲ ಭಾಗದಲ್ಲಿ ಕಂಪನಿಯ ಹೆಸರು, ತೆರಿಗೆ ಹಿಡಿಯಲು ಅದಕ್ಕೆ ಇಲಾಖೆ ಕೊಟ್ಟ ಟ್ಯಾನ್ ನಂಬರ್, ಪಕ್ಕದಲ್ಲಿ ಮೂರು ಮೊತ್ತ ಕಾಣುತ್ತವೆ. ನಿಮಗೆ ಕೊಟ್ಟದ್ದು, ಹಿಡಿದ ತೆರಿಗೆ, ಜಮಾ ಮಾಡಿದ ತೆರಿಗೆ. ಹೆಚ್ಚಿನವರು ಈ ಮೊತ್ತ ನೋಡಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಅಲ್ಲಿಗೆ ನಿಲ್ಲಬೇಡಿ. ಕಂಪನಿಯ ಹೆಸರಿನ ಪಕ್ಕದ `+` ಒತ್ತಿ. ಒಂದೊಂದು ಕಡಿತವೂ ಒಂದೊಂದು ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಆ ವರ್ಷದ ಹಾಳೆಯಲ್ಲಿ ಸಂಬಳದ ಸಾಲಿಗೆ ಸೆಕ್ಷನ್ 192 ಅಂತ ಇರುತ್ತದೆ. ಬ್ಯಾಂಕ್ ಠೇವಣಿಯ ಬಡ್ಡಿಗೆ ಟಿಡಿಎಸ್ ಆಗಿದ್ದರೆ ಅದು ಬ್ಯಾಂಕಿನ ಹೆಸರಿನ ಕೆಳಗೆ, 194A ಅಂತ.

ಪ್ರತಿ ಸಾಲಿನಲ್ಲಿ ಎರಡು ತಾರೀಖು ಇರುತ್ತವೆ. ಒಂದು ಸಂಬಳ ಕೊಟ್ಟದ್ದು. ಇನ್ನೊಂದು ಆ ಸಾಲು ಇಲಾಖೆಯ ಪುಸ್ತಕಕ್ಕೆ ಏರಿದ್ದು. ಏಪ್ರಿಲ್ ಸಂಬಳದ ಸಾಲು ಆಗಸ್ಟ್‌ನಲ್ಲಿ ಏರಿದ್ದರೆ ಅದರಲ್ಲಿ ತಪ್ಪೇನಿಲ್ಲ. ಕಂಪನಿ ದುಡ್ಡನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದ್ದನ್ನು ಏಪ್ರಿಲ್ 30ರೊಳಗೆ. ಆದರೆ ಯಾರ ಹೆಸರಿಗೆ ಎಷ್ಟು ಅಂತ ಹೇಳುವ ರಿಟರ್ನ್, 2024-25ರಲ್ಲಿ ಅದರ ಹೆಸರು 24ಕ್ಯೂ, ಮೂರು ತಿಂಗಳಿಗೊಮ್ಮೆ ಹೋಗುತ್ತದೆ. ದುಡ್ಡು ಹೋದರೂ 24ಕ್ಯೂ ಹೋಗುವ ತನಕ ಅದು ಯಾರದ್ದು ಅಂತ ಇಲಾಖೆಗೆ ಗೊತ್ತಾಗುವುದಿಲ್ಲ.

ತಾರೀಖುಗಳ ನಡುವೆ ಒಂದೇ ಒಂದು ಅಕ್ಷರ ಇರುತ್ತದೆ. ಇಡೀ ಹಾಳೆಯಲ್ಲಿ ನಾನು ಮೊದಲು ನೋಡುವುದು ಅದನ್ನೇ. `F` ಇದ್ದರೆ ಕಟ್ಟಿದ ಚಲನ್‌ಗೂ ರಿಟರ್ನ್‌ಗೂ ತಾಳೆಯಾಗಿದೆ, ದುಡ್ಡು ನಿಮ್ಮ ಹೆಸರಿಗೆ ಬಂದಿದೆ. `U` ಇದ್ದರೆ ತಾಳೆಯಾಗಿಲ್ಲ. ಕಂಪನಿ ದುಡ್ಡು ಕಟ್ಟಿಲ್ಲ, ಇಲ್ಲವೇ ಚಲನ್ ವಿವರ ತಪ್ಪಾಗಿ ಬರೆದಿದೆ. ಸರ್ಕಾರಿ ನೌಕರರಿಗೆ `P` ಅಂತಲೂ ಕಾಣಬಹುದು. ಅದು ತಾತ್ಕಾಲಿಕ, ಲೆಕ್ಕಾಧಿಕಾರಿಯ ಕಡೆಯಿಂದ ಖಾತ್ರಿಯಾದ ಮೇಲೆ `F` ಆಗುತ್ತದೆ.

ತಮ್ಮನಿಗೆ ಫೋನಿನಲ್ಲೇ ಒಂದೊಂದು ಸಾಲು ಓದಿಸಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಆರು ಸಾಲು, ಎಲ್ಲವೂ `F`. ಆಮೇಲೆ ನೇರವಾಗಿ ಜನವರಿ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಸಾಲುಗಳೇ ಇಲ್ಲ.

`U` ಇರುವುದು ಬೇರೆ, ಸಾಲೇ ಇಲ್ಲದಿರುವುದು ಬೇರೆ. `U` ಇದ್ದರೆ ಕಂಪನಿ ನಿಮ್ಮ ಹೆಸರು ಕೊಟ್ಟಿದೆ, ದುಡ್ಡಿನ ಕಡೆ ಗೊಂದಲ ಇದೆ. ಸಾಲೇ ಇಲ್ಲದಿದ್ದರೆ ಆ ತ್ರೈಮಾಸಿಕದ ರಿಟರ್ನ್ ಹೋಗಿಲ್ಲ, ಇಲ್ಲವೇ ಅದರಲ್ಲಿ ನಿಮ್ಮ ಪ್ಯಾನ್ ಇಲ್ಲ. ಕೇಳುವ ಪ್ರಶ್ನೆಯೂ ಅದಕ್ಕೆ ತಕ್ಕ ಹಾಗೆ ಬದಲಾಗಬೇಕು. "ನಿಮ್ಮ ಸಹೋದ್ಯೋಗಿಗಳದ್ದು ಬಂದಿದೆಯಾ ಕೇಳು" ಅಂದೆ. ಪಕ್ಕದ ಸೀಟಿನವರದ್ದು ಹನ್ನೆರಡೂ ಸಾಲು ಇತ್ತು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ರಿಟರ್ನ್ ಹೋಗಿದೆ, ಇವನ ಪ್ಯಾನ್ ತಪ್ಪಾಗಿದೆ.

ಇದು ಅವನಿಗೆ ಜೂನ್‌ನಲ್ಲೇ ಗೊತ್ತಾಗಬಹುದಿತ್ತು. ವರ್ಷದ ಟಿಡಿಎಸ್‌ಗೆ ಕಂಪನಿ ಕೊಟ್ಟ ಪ್ರಮಾಣಪತ್ರ, ಫಾರ್ಮ್ 16, ಅವನ ಕೈಯಲ್ಲೇ ಇತ್ತು. ಅದರ ಎ ಭಾಗದಲ್ಲಿ ತ್ರೈಮಾಸಿಕವಾರು ಒಂದು ಪಟ್ಟಿ ಇರುತ್ತದೆ. ಅದು ಟ್ರೇಸಸ್‌ನಿಂದಲೇ ಇಳಿಸುವುದು, 26ಎಎಸ್‌ಗೆ ಬರುವ ಮಾಹಿತಿಯೇ ಅಲ್ಲಿಗೂ ಬರುವುದು. ಅಲ್ಲಿ ಮೂರನೇ ತ್ರೈಮಾಸಿಕದ ವಿವರವೇ ಇರಲಿಲ್ಲ. ಬಿ ಭಾಗದಲ್ಲಿ ಮಾತ್ರ ವರ್ಷದ ತೆರಿಗೆ 93,600 ಅಂತ ಸರಿಯಾಗಿ ಇತ್ತು. ಅವನು ಬಿ ಭಾಗ ನೋಡಿ ಸಮಾಧಾನಪಟ್ಟಿದ್ದ. ಅವನೊಬ್ಬನೇ ಅಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ.

ಅವತ್ತೇ 23,400 ಕಟ್ಟಿಬಿಟ್ಟಿದ್ದರೆ ಏನಾಗುತ್ತಿತ್ತು? ಒಂದೇ ತೆರಿಗೆ ಎರಡು ಸಲ, ಮೇಲೆ ಬಡ್ಡಿ. ಆಮೇಲೆ ಕಂಪನಿ ಸರಿಪಡಿಸಿದಾಗ ಮತ್ತೆ ಪರಿಷ್ಕೃತ ರಿಟರ್ನ್ ಹಾಕಿ ರೀಫಂಡ್‌ಗೆ ಕಾಯಬೇಕು. ಎಷ್ಟೋ ಜನ ಹೀಗೆ ಸುಮ್ನೆ ಕಟ್ಟಿ ಮರೆತುಬಿಡುತ್ತಾರೆ. ಅದು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬದಲಿಗೆ ಅವನು ಲೆಕ್ಕದ ವಿಭಾಗಕ್ಕೆ ಇಮೇಲ್ ಬರೆದ. ಬಾಯಲ್ಲಿ ಹೇಳಬೇಡ, ಬರಹದಲ್ಲೇ ಇರಲಿ ಅಂತ ನಾನೇ ಹೇಳಿದ್ದು. ಅವನ ಪ್ಯಾನ್, ಕಂಪನಿಯ ಟ್ಯಾನ್, ಇಲ್ಲದ ಮೂರು ತಿಂಗಳು, ಆ ಮೂರರ ಸಂಬಳದ ಚೀಟಿ, 26ಎಎಸ್ ಪ್ರತಿ. ಕೇಳಿದ ಪ್ರಶ್ನೆ ಒಂದೇ: ಮೂರನೇ ತ್ರೈಮಾಸಿಕದ 24ಕ್ಯೂನಲ್ಲಿ ನನ್ನ ಪ್ಯಾನ್ ಏನಿದೆ? ಎರಡು ದಿನಕ್ಕೆ ಉತ್ತರ ಬಂತು. ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿತ್ತು. ಕಂಪನಿ ತಿದ್ದುಪಡಿ ರಿಟರ್ನ್ ಹಾಕಿತು. ಮೂರು ವಾರದೊಳಗೆ ಮೂರು ಸಾಲೂ ಬಂದವು, `F` ಜೊತೆಗೆ. ಪರಿಷ್ಕೃತ ಫಾರ್ಮ್ 16 ಕೇಳಿ ಪಡೆದು ರಿಟರ್ನ್ ಹಾಕಿದ. ಕಟ್ಟಬೇಕಾದದ್ದು ಸೊನ್ನೆ.

ಇಲ್ಲಿ ದುಡ್ಡು ಸರ್ಕಾರಕ್ಕೆ ಹೋಗಿತ್ತು, ಹೆಸರು ಮಾತ್ರ ತಪ್ಪಿತ್ತು. ಕಂಪನಿ ಹಿಡಿದ ದುಡ್ಡನ್ನು ಕಟ್ಟದೇ ಇದ್ದರೆ? ಕಷ್ಟದಲ್ಲಿರುವ ಕಂಪನಿಗಳಲ್ಲಿ ಇದೂ ಆಗುತ್ತದೆ. ಆಗ ನೆನಪಿಡಬೇಕಾದದ್ದು 2025-26ರ ತನಕದ ಸಂಬಳಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್. ನಿಮ್ಮಿಂದ ತೆರಿಗೆ ಹಿಡಿದಾಗಿದ್ದರೆ, ಹಿಡಿದಷ್ಟನ್ನು ಮತ್ತೆ ನಿಮ್ಮನ್ನೇ ಕಟ್ಟು ಅಂತ ಕೇಳುವ ಹಾಗಿಲ್ಲ ಅನ್ನುತ್ತದೆ ಅದು. ಕಂಪನಿ ಕಟ್ಟದ ತೆರಿಗೆಗಾಗಿ ನೌಕರರಿಂದ ಬಲವಂತದ ವಸೂಲಿ ಮಾಡಬೇಡಿ ಅಂತ ನೇರ ತೆರಿಗೆ ಮಂಡಳಿ 2015ರ ಜೂನ್‌ನಲ್ಲಿ ಅಧಿಕಾರಿಗಳಿಗೆ ಸೂಚನೆ ಕೊಟ್ಟಿತು, 2016ರ ಮಾರ್ಚ್‌ನಲ್ಲಿ ಅದನ್ನೇ ಮತ್ತೆ ಹೇಳಿತು.

ಇಷ್ಟಿದ್ದರೂ ಕೆಲಸ ಸಲೀಸಲ್ಲ, ಅದನ್ನು ಮುಚ್ಚಿಡುವುದಿಲ್ಲ. ರಿಟರ್ನ್‌ನಲ್ಲಿ ಪೂರ್ತಿ ಟಿಡಿಎಸ್ ತೋರಿಸಿದರೂ 26ಎಎಸ್‌ನಲ್ಲಿ ಇಲ್ಲದ ಭಾಗವನ್ನು ಕಟ್ಟು ಅಂತ ಇಲಾಖೆಯ ಕಂಪ್ಯೂಟರ್ ಡಿಮ್ಯಾಂಡ್ ಕಳಿಸುತ್ತದೆ. ಪೋರ್ಟಲ್‌ನ `Response to Outstanding Demand`ನಲ್ಲಿ ಒಪ್ಪುವುದಿಲ್ಲ ಅಂತ ಉತ್ತರ ಕೊಡಬೇಕು, ಸಂಬಳದ ಚೀಟಿ ಮತ್ತು ಕೈಗೆ ಬಂದ ಸಂಬಳ ಕಾಣುವ ಬ್ಯಾಂಕ್ ಪಾಸ್‌ಬುಕ್ ಜೋಡಿಸಬೇಕು. ಆ ಡಿಮ್ಯಾಂಡ್ ವರ್ಷಗಟ್ಟಲೆ ಹಾಗೇ ಕೂತು ಮುಂದಿನ ರೀಫಂಡ್ ಹಿಡಿದುಕೊಳ್ಳುವುದೂ ಉಂಟು. ಆ ಹಂತಕ್ಕೆ ಹೋದರೆ ಒಬ್ಬ ಆಡಿಟರ್ ಜೊತೆಗಿರಲಿ. ಕೆಲಸ ಬಿಟ್ಟರೂ ಸಂಬಳದ ಚೀಟಿಗಳನ್ನು ಕಂಪನಿಯ ಇಮೇಲ್‌ನಲ್ಲೇ ಬಿಟ್ಟು ಬರಬೇಡಿ. ಹಿಡಿದದ್ದಕ್ಕೆ ನಿಮ್ಮ ಹತ್ತಿರ ಇರುವ ಮುಖ್ಯ ಸಾಕ್ಷಿ ಅದೇ.

ಹಾಗೇ ಎಲ್ಲ ಸಾಲೂ `F` ಇದ್ದರೆ ತೆರಿಗೆ ಮುಗಿಯಿತು ಅಂತಲೂ ಅಲ್ಲ. ವರ್ಷದ ನಡುವೆ ಕೆಲಸ ಬದಲಾಯಿಸಿದವರ ಹಾಳೆಯಲ್ಲಿ ಎರಡು ಟ್ಯಾನ್ ಇರುತ್ತವೆ. ಹಳೇ ಸಂಬಳದ ವಿವರ ಹೊಸ ಕಂಪನಿಗೆ ಕೊಡದೇ ಇದ್ದರೆ ಇಬ್ಬರೂ 75,000 ಬೇರೆ ಬೇರೆ ಕಳೆದು, ಸ್ಲ್ಯಾಬ್ ಬೇರೆ ಬೇರೆ ಹಚ್ಚಿರುತ್ತಾರೆ. ಆಗ ಕೊನೆಗೆ ಬರುವ ಬಾಕಿ ನಿಜವಾದ ಬಾಕಿ, ಅದನ್ನು ಕಟ್ಟಲೇಬೇಕು.

ನನ್ನ ಅಭಿಪ್ರಾಯ ಇಷ್ಟು. 26ಎಎಸ್ ರಿಟರ್ನ್ ಹಾಕುವ ದಿನ ತೆರೆಯುವ ಹಾಳೆ ಅಲ್ಲ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಕಂಪನಿ ತನ್ನ ತ್ರೈಮಾಸಿಕ ರಿಟರ್ನ್ ಹಾಕುವ ಕೊನೆಯ ದಿನಗಳು ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31. ಒಂದೊಂದಕ್ಕೂ ಎರಡು ಮೂರು ವಾರ ಬಿಟ್ಟು ಒಮ್ಮೆ ತೆರೆದು ಮೂರು ಸಾಲು ಬಂತಾ ನೋಡಿ. ನನ್ನ ತಮ್ಮ 2025ರ ಫೆಬ್ರವರಿಯಲ್ಲೇ ನೋಡಿದ್ದರೆ ಅಕ್ಟೋಬರ್ ಸಾಲು ಇಲ್ಲದ್ದು ಅವತ್ತೇ ಕಾಣುತ್ತಿತ್ತು. ಕಂಪನಿಯವರನ್ನು ಕೇಳಲು ಸಂಕೋಚಪಡಬೇಡಿ. ಲೆಕ್ಕದ ವಿಭಾಗದಲ್ಲಿ ಕೂತಿದ್ದ ವರ್ಷಗಳಲ್ಲಿ ನನ್ನ ತಪ್ಪುಗಳೂ ಹೀಗೆ ಯಾರೋ ಬಂದು ಕೇಳಿದಾಗಲೇ ಸಿಕ್ಕಿದ್ದು.