ಕಾಯಬಲ್ಲ ಸರಕು

ಕರ್ನಾಟಕದ ಹೊರಗೆ ನೆಲೆಸಿದ ಮೇಲೆ ಹಳ್ಳಿಯ ವ್ಯಾಪಾರದ ಬಗ್ಗೆ ನನ್ನ ಯೋಚನೆ ಬದಲಾಗಿದೆ. ಹಳ್ಳಿಯಲ್ಲಿ ಏನಾದರೂ ಶುರು ಮಾಡಬೇಕು ಎಂದಾಗ ನಮ್ಮವರಲ್ಲಿ ಬಹಳ ಮಂದಿ ಮೊದಲು ಕೇಳುವುದು, ಇಲ್ಲಿನ ಜನರಿಗೆ ಏನು ಬೇಕು ಎಂದು. ನಾನು ಈಗ ಇರುವ ಕಡೆ ಒಳನಾಡಿನ ಕೆಲವರು ಕೇಳುವ ಪ್ರಶ್ನೆ ಬೇರೆ: ಇಲ್ಲಿಂದ ಹೊರಗೆ ಹೋಗುವವರೆಗೆ ಕೆಡದೆ ಉಳಿಯುವುದು ಯಾವುದು? ಕೊಳ್ಳುವವರು ನಾಲ್ಕೇ ಮನೆಯವರಾದರೆ, ವಾಹನ ಅಪರೂಪವಾದರೆ, ಈ ಎರಡನೆಯ ಪ್ರಶ್ನೆಯೇ ಸರಿ ಎಂದು ನನಗೆ ಖಚಿತವಾಗಿದೆ.

ಹಾಲನ್ನೂ ಜೇನುತುಪ್ಪವನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಿನಕ್ಕೆ ಹತ್ತು ಲೀಟರ್ ಹಾಲು ಮಾರುವವನಿಗೆ ವಾಹನ ದಿನವೂ ಬೇಕು. ಅದು ಒಂದು ದಿನ ತಪ್ಪಿದರೆ ಆ ದಿನದ ಹಾಲು ಹಾಳು. ಇಪ್ಪತ್ತು ಜೇನುಪೆಟ್ಟಿಗೆ ಇಟ್ಟವನ ಲೆಕ್ಕವೇ ಬೇರೆ. ಪೆಟ್ಟಿಗೆಗೆ ಎಂಟು ಕಿಲೋದಂತೆ ಸಾಧಾರಣ ಇಳುವರಿ ಹಿಡಿದರೂ ಹಂಗಾಮಿನ ಒಟ್ಟು ತುಪ್ಪ ನೂರ ಅರವತ್ತು ಕಿಲೋ. ಒಂದು ಲೀಟರ್ ಜೇನುತುಪ್ಪ ಸುಮಾರು 1.4 ಕಿಲೋ ತೂಗುವುದರಿಂದ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಇಪ್ಪತ್ತೆಂಟು ಕಿಲೋ ಹಿಡಿಸುತ್ತದೆ. ಅಂದರೆ ಇಡೀ ಹಂಗಾಮಿನ ದುಡಿಮೆ ಆರು ಕ್ಯಾನಿನೊಳಗೆ ಬರುತ್ತದೆ. ವಾಹನ ಸಿಗುವುದು ತಿಂಗಳು ತಡವಾದರೂ ಸರಕು ಕಾಯುತ್ತದೆ, ಸಾಗಣೆಯೂ ಒಂದೇ ಸಲಕ್ಕೆ ಮುಗಿಯುತ್ತದೆ.

ಆದರೆ ಹೀಗೆ ಕಾಯುವುದು ಬಲಿತ ತುಪ್ಪ ಮಾತ್ರ. ಎಲ್ಲ ನಷ್ಟದ ಬೇರು ಇರುವುದು ಇಲ್ಲಿ. ಹೂವಿನ ರಸದಲ್ಲಿ ನೀರು ಬಹಳ ಇರುತ್ತದೆ. ಹುಳುಗಳು ಅದನ್ನು ರೆಕ್ಕೆ ಬೀಸಿ ಆರಿಸಿ, ಹದ ಬಂದ ಮೇಲೆ ಕೋಶಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ತುಪ್ಪದ ತೇವಾಂಶ ಶೇ. 20ನ್ನು ಮೀರಿದರೆ ಅದರಲ್ಲಿರುವ ಯೀಸ್ಟ್ ಕೆಲಸ ಶುರು ಮಾಡುತ್ತದೆ. ದೀರ್ಘಕಾಲ ಇಡುವುದಾದರೆ ಶೇ. 18ರ ಒಳಗಿದ್ದರೆ ನೆಮ್ಮದಿ. ಆತುರಕ್ಕೆ ಬಿದ್ದು ಮುಚ್ಚಳವಿಲ್ಲದ ಎರಿಯನ್ನು ಯಂತ್ರದಲ್ಲಿ ತಿರುಗಿಸಿ ತೆಗೆದ ತುಪ್ಪ ಕ್ಯಾನಿನಲ್ಲಿ ನೊರೆ ಏಳುತ್ತದೆ, ಹುಳಿವಾಸನೆ ಬರುತ್ತದೆ, ಕ್ಯಾನಿನ ಮುಚ್ಚಳ ಉಬ್ಬುತ್ತದೆ. ಎರಿ ಕಟ್ಟಿರುವ ಚೌಕಟ್ಟಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೋಶಗಳು ಮುಚ್ಚಿರಬೇಕು. ಚೌಕಟ್ಟನ್ನು ಅಡ್ಡವಾಗಿ ಹಿಡಿದು ಒಮ್ಮೆ ಒದರಿದಾಗ ಹನಿ ಉದುರಿದರೆ ಇನ್ನೂ ಸಮಯವಿದೆ ಎಂದೇ ಅರ್ಥ. ತೇವಾಂಶ ಅಳೆಯುವ ಪುಟ್ಟ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟಿರುತ್ತದೆ. ಬೇರೆ ಯಾವ ಯಂತ್ರಕ್ಕಿಂತ ಮೊದಲು ಅದನ್ನು ಕೊಳ್ಳಬೇಕು ಎನ್ನುತ್ತೇನೆ. ತುಪ್ಪ ಗಾಳಿಯಿಂದಲೂ ನೀರು ಹೀರುವುದರಿಂದ ಕ್ಯಾನಿನ ಬಾಯಿ ಬಿಗಿಯಾಗಿರಲಿ.

ಕೊಳ್ಳುವವರ ವಿಷಯದಲ್ಲಿ ನಾನಿರುವ ಕಡೆಯ ಒಳನಾಡಿನವರ ಕ್ರಮ ನನಗೆ ಬಹಳ ಹಿಡಿಸಿದೆ. ಅವರು ಅಂತರ್ಜಾಲದಲ್ಲಿ ಅಂಗಡಿ ತೆರೆಯುವ ಗೋಜಿಗೆ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಬಂದು ಹೋಗುವ ಕಡೆ ಚಿಲ್ಲರೆ ಗಿರಾಕಿಯ ಪ್ರಶ್ನೆಗೆ ಉತ್ತರಿಸುವುದೇ ಒಂದು ಕೆಲಸವಾಗುತ್ತದೆ. ಎರಡು ಮೂರು ಸಗಟು ಕೊಳ್ಳುವವರನ್ನು ಗೊತ್ತು ಮಾಡಿಕೊಂಡು, ಹಂಗಾಮಿಗೆ ಮೊದಲು ಮಾದರಿ ಬಾಟಲಿ ಕಳುಹಿಸಿ, ದರ ಮತ್ತು ತೂಕವನ್ನು ಫೋನಿನಲ್ಲಿ ಮಾತಾಡಿ, ಒಂದು ಸಾಲಿನ ಸಂದೇಶದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಪ್ರತಿ ಕ್ಯಾನಿನ ಮೇಲೆ ತುಪ್ಪ ತೆಗೆದ ದಿನಾಂಕ, ತೂಕ ಮತ್ತು ತೇವಾಂಶ ಇರುತ್ತದೆ. ಅದರದೇ ಒಂದು ಸಣ್ಣ ಬಾಟಲಿ ಮನೆಯಲ್ಲೂ ಉಳಿದಿರುತ್ತದೆ. ದೂರು ಬಂದರೆ ಹೋಲಿಸಿ ನೋಡಬಹುದು. ಒಬ್ಬನೇ ಕೊಳ್ಳುವವನನ್ನು ನಂಬಿದರೆ ಕೊನೆಗೆ ದರ ಹೇಳುವವನು ಅವನೇ ಆಗುತ್ತಾನೆ.

ದೂರುಗಳಲ್ಲಿ ಹೆಚ್ಚು ಬರುವುದು ತುಪ್ಪ ಹರಳುಗಟ್ಟಿದೆ, ಸಕ್ಕರೆ ಬೆರೆಸಿದ್ದಾರೆ ಎಂಬುದು. ತುಪ್ಪದಲ್ಲಿರುವ ಗ್ಲೂಕೋಸ್ ತಾನಾಗಿಯೇ ಹರಳಾಗುತ್ತದೆ, ತಂಪಿನಲ್ಲಿ ಬೇಗ. ಇದನ್ನು ಮಾದರಿ ಕೊಡುವಾಗಲೇ ಹೇಳಿಬಿಡಬೇಕು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ನಿಧಾನವಾಗಿ ಕರಗುತ್ತದೆ. ಒಲೆಯ ಮೇಲೆ ಕುದಿಸಿದರೆ ಪರಿಮಳ ಹೋಗುತ್ತದೆ.

ಮೇಣ ಕಡಿಮೆ ಸಿಕ್ಕರೂ ಎಸೆಯುವಂತಿಲ್ಲ. ಕರಗಿಸಿ ಸೋಸಿದ ಗಟ್ಟಿ ವರ್ಷಗಟ್ಟಲೆ ಇರುತ್ತದೆ. ಕರಗಿಸದೆ ಹಾಗೇ ಇಟ್ಟ ಎರಿಯನ್ನು ಮಾತ್ರ ಮೇಣದ ಪತಂಗದ ಮರಿಗಳು ತಿಂದು ಮುಗಿಸುತ್ತವೆ.

ಈ ದಾರಿ ಎಲ್ಲ ಹಳ್ಳಿಗೂ ಹೊಂದುವುದಿಲ್ಲ. ವರ್ಷದ ಬಹುಕಾಲ ಹೂವೇ ಇಲ್ಲದ ಕಡೆ ಜೇನು ಕುಟುಂಬಗಳಿಗೆ ಸಕ್ಕರೆ ಪಾಕ ಉಣಿಸುವ ಖರ್ಚೇ ಲಾಭವನ್ನು ನುಂಗುತ್ತದೆ. ಹೂ ಬಿಟ್ಟ ಹೊಲಕ್ಕೆ ಹಗಲು ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವ ಕಡೆ ಪೆಟ್ಟಿಗೆಯ ಮುಂದೆ ಸತ್ತ ಹುಳುಗಳ ರಾಶಿ ಕಾಣುತ್ತದೆ. ನೆರೆಯ ರೈತರು ಸಂಜೆ ಸಿಂಪಡಿಸಲು ಒಪ್ಪುತ್ತಾರೆಯೇ ಎಂದು ಮೊದಲು ಕೇಳಿಕೊಂಡು, ಎರಡು ಪೆಟ್ಟಿಗೆ ಇಟ್ಟು ಒಂದು ವರ್ಷದ ಎಲ್ಲ ಹೂಗಳ ಕಾಲವನ್ನು ಬರೆದುಕೊಂಡ ಮೇಲಷ್ಟೇ ಉಳಿದ ಹದಿನೆಂಟು ಪೆಟ್ಟಿಗೆಗಳಿಗೆ ಹಣ ಹಾಕಬೇಕು.