ಶೇ 26 ಅನ್ನೋಣವೇ, ಹತ್ತು ಸಾವಿರಕ್ಕೆ 8 ಅನ್ನೋಣವೇ?

2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಮುಟ್ಟು ನಿಂತ 16,608 ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ಈಸ್ಟ್ರೋಜನ್-ಪ್ರೊಜೆಸ್ಟಿನ್ ಹಾರ್ಮೋನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು, ಸರಾಸರಿ 5.2 ವರ್ಷ ಗಮನಿಸಿದ್ದರು. ಸ್ತನ ಕ್ಯಾನ್ಸರ್ ಬಗ್ಗೆ ಸಾರಾಂಶದಲ್ಲಿದ್ದ ಸಂಖ್ಯೆ: ಹಜಾರ್ಡ್ ರೇಷಿಯೊ 1.26. ಅಂದರೆ ಶೇ 26 ಜಾಸ್ತಿ. ನಮ್ಮ ಓದುಗರಿಗೆ ಬರೆಯುವ ಪ್ಯಾರಾದಲ್ಲಿ ಈ ಶೇಕಡಾ ಬಿಟ್ಟು, ಬರೀ ತಲೆ ಎಣಿಕೆ ಕೊಡಬೇಕೇ?

ಪರ

ಕೊಡಬೇಕು. ‘ಶೇ 26 ಜಾಸ್ತಿ’ ಎಂದು ಓದಿದ ಹೆಂಗಸು ನೂರರಲ್ಲಿ 26 ಜನಕ್ಕೆ ಕ್ಯಾನ್ಸರ್ ಬಂತು ಅಂದುಕೊಳ್ಳಬಹುದು. ಅದು ಅವರ ತಪ್ಪಲ್ಲ. ಯಾವುದಕ್ಕಿಂತ ಜಾಸ್ತಿ ಅಂತ ನಾವು ಹೇಳಿಲ್ಲ ಅಲ್ವಾ? ಅಧ್ಯಯನದಲ್ಲಿ ಕಂಡದ್ದು ಇಷ್ಟು: ಔಷಧವಿಲ್ಲದ ಮಾತ್ರೆ ತಗೊಂಡ 10,000 ಜನರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್, ಹಾರ್ಮೋನ್ ತಗೊಂಡವರಲ್ಲಿ 38. ಹೆಚ್ಚಿದ್ದು 8.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಅದೇ ಮಾತ್ರೆಯಿಂದ ದೊಡ್ಡ ಕರುಳಿನ ಕ್ಯಾನ್ಸರ್ ಶೇ 37 ಕಡಿಮೆ ಕಂಡಿತ್ತು. ಎರಡು ಶೇಕಡಾಗಳನ್ನು ಪಕ್ಕಪಕ್ಕ ಇಟ್ಟರೆ ಲಾಭವೇ ಹೆಚ್ಚು ಅನ್ನಿಸುತ್ತದೆ: 37 ಇಳಿಯಿತು, 26 ಏರಿತು. ತಲೆ ಎಣಿಸಿದರೆ ಮಾತು ತಿರುಗುತ್ತದೆ. ವರ್ಷಕ್ಕೆ 10,000ದಲ್ಲಿ 6 ಕಡಿಮೆ, 8 ಜಾಸ್ತಿ. ಕರುಳಿನ ಕ್ಯಾನ್ಸರ್ ಮೊದಲೇ ಅಪರೂಪವಾಗಿದ್ದರಿಂದ ಶೇಕಡಾ ದೊಡ್ಡದಾಗಿ ಕಂಡಿತು, ಅಷ್ಟೆ. ಜೊತೆಗೆ ಪಾರ್ಶ್ವವಾಯು 8 ಜಾಸ್ತಿ, ಸೊಂಟದ ಮೂಳೆ ಮುರಿತ 5 ಕಡಿಮೆ. ಎಲ್ಲವೂ ಒಂದೇ ತಕ್ಕಡಿಗೆ ಬಂದಾಗಲೇ ಓದುಗರು ತೂಗಿ ನೋಡಬಹುದು.

ವಿರೋಧ

ಎಣಿಕೆ ಇರಲಿ, ಶೇಕಡಾವನ್ನು ತೆಗೆಯಬಾರದು. ಆ 8 ಯಾರ ಲೆಕ್ಕ? ಅಮೆರಿಕದ, 50ರಿಂದ 79 ವಯಸ್ಸಿನ ಹೆಂಗಸರದ್ದು. ನಮ್ಮಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಅಲ್ಲಿಗಿಂತ ಕಡಿಮೆ. ಹಾಗಾಗಿ ದಾವಣಗೆರೆಯ ಓದುಗರಿಗೆ 8 ಎನ್ನುವುದು ಹಾಗೇ ಹೊಂದುವುದಿಲ್ಲ. ಬೇರೆ ಊರಿಗೆ, ಬೇರೆ ವಯಸ್ಸಿಗೆ ಅಂದಾಜು ಮಾಡಲು ‘ಇದ್ದದ್ದಕ್ಕಿಂತ ಎಷ್ಟು ಪಾಲು ಜಾಸ್ತಿ’ ಅನ್ನುವುದೇ ಬೇಕು.

‘ವರ್ಷಕ್ಕೆ’ ಎಂಬ ಪದ ಇನ್ನೊಂದು ಅಪಾಯ. ಜಾಗ ಸಾಲದಾಗ ಮೊದಲು ಹಾರಿಹೋಗುವುದು ಅದೇ. ಐದು ವರ್ಷಕ್ಕೆ 8 ಸುಮಾರು 40 ಆಗುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಬೇರೆ. 1.26ರ ಪಕ್ಕದಲ್ಲೇ ಸಾರಾಂಶ 1.00ರಿಂದ 1.59 ಎಂಬ ವ್ಯಾಪ್ತಿ ಕೊಟ್ಟಿತ್ತು. ನಿಜವಾದ ಹೆಚ್ಚಳ ಶೂನ್ಯದ ಹತ್ತಿರವೂ ಇರಬಹುದು, ಶೇ 59ರ ಹತ್ತಿರವೂ ಇರಬಹುದು ಎಂದರ್ಥ. 1.26 ತೆಗೆದರೆ ಈ ವ್ಯಾಪ್ತಿಯೂ ಹೋಗುತ್ತದೆ. ಆಮೇಲೆ ‘8’ ಎನ್ನುವುದು ಬೆರಳಲ್ಲಿ ಎಣಿಸಿದಷ್ಟು ಖಚಿತವಾಗಿ ಕಾಣುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: “ಹಾರ್ಮೋನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಸುಮಾರು ಕಾಲು ಪಾಲು ಜಾಸ್ತಿ ಕಂಡಿತು. ವರ್ಷಕ್ಕೆ 10,000 ಮಂದಿಯಲ್ಲಿ 30 ಇದ್ದದ್ದು 38 ಆಯಿತು. ನಿಜವಾದ ಹೆಚ್ಚಳ ಇದಕ್ಕಿಂತ ತುಂಬಾ ಕಡಿಮೆಯೂ ಇರಬಹುದು, ಎರಡು ಪಟ್ಟೂ ಇರಬಹುದು.”