ಒಂದು ಡ್ರಮ್ ಟ್ಯಾಕ್ ಕೋಟು, ಉಳಿದದ್ದು ಟ್ಯಾಂಕರ್ ನೀರು

ರಸ್ತೆ ಸೈಟಲ್ಲಿ ಟ್ಯಾಕ್ ಕೋಟು ಎಷ್ಟು ಹೊಡೀಬೇಕು ಅಂತ ಯಾರನ್ನೇ ಕೇಳಿ, "ಚದರ ಮೀಟರಿಗೆ 250 ಗ್ರಾಂ ಸಾರ್" ಅಂತ ಬಾಯಿಪಾಠ ಒಪ್ಪಿಸ್ತಾರೆ. ಯಾವುದು 250 ಗ್ರಾಂ, ನೀರಲ್ಲಿ ಡಾಂಬರು ಬೆರೆಸಿದ ಎಮಲ್ಷನ್ನಾ ಅದರೊಳಗಿನ ಡಾಂಬರಾ ಅಂದರೆ ಮುಖ ಮುಖ ನೋಡ್ತಾರೆ. ಈ ಗೊಂದಲದ ಮರೆಯಲ್ಲೇ ಕಳ್ಳತನ ನಡೆಯೋದು. ನನ್ನ ಪಿತ್ತ ನೆತ್ತಿಗೇರಿರೋದೂ ಅದಕ್ಕೇ.

ಈ ಸಲದ ಕಥೆ ಕೇಳಿ. 400 ಮೀಟರ್ ಉದ್ದ, 3.75 ಮೀಟರ್ ಅಗಲ, ಒಟ್ಟು 1500 ಚದರ ಮೀಟರ್. ವೆಟ್ ಮಿಕ್ಸ್ ಅನ್ನೋ ಜಲ್ಲಿ ಪದರದ ಮೇಲೆ ಪ್ರೈಮ್ ಕೋಟಿಗೆ ನಿಧಾನವಾಗಿ ಒಡೆಯೋ, ಅಂದರೆ ನೀರಿಂದ ಡಾಂಬರು ನಿಧಾನಕ್ಕೆ ಬೇರೆಯಾಗೋ ಎಸ್‌ಎಸ್-1 ಎಮಲ್ಷನ್, ಚದರ ಮೀಟರಿಗೆ 0.7ರಿಂದ 1.0 ಕಿಲೋ. ನಾವು 0.8 ಹಿಡಿದೆವು, 1200 ಕಿಲೋ ಆಯ್ತು, 200 ಕಿಲೋದ ಆರು ಡ್ರಮ್. ಪ್ರೈಮ್ ಕೋಟು ಜಲ್ಲಿಯ ಸಂದಿಗೆ ಇಳಿಯಬೇಕು, ಧೂಳನ್ನ ಹಿಡಿದು ಕಟ್ಟಬೇಕು, ಅದಕ್ಕೇ ಇಷ್ಟು ಬೇಕು. ಇದರಲ್ಲಿ ಮೋಸ ಮಾಡೋದು ಕಷ್ಟ, ಕಡಿಮೆ ಹೊಡೆದರೆ ಮೇಲೆ ಬಿಳಿ ಧೂಳು ಕಣ್ಣಿಗೇ ಕಾಣುತ್ತೆ. ಆರೂ ಡ್ರಮ್ ನಿಯತ್ತಾಗಿ ಖರ್ಚಾಯ್ತು.

ಟ್ಯಾಕ್ ಕೋಟಿನ ಕೆಲಸವೇ ಬೇರೆ. ಅದು ಒಳಗೆ ಇಳಿಯೋಕಲ್ಲ, ಮೇಲೆ ಬರೋ ಬಿಸಿ ಮಿಕ್ಸನ್ನ ಕೆಳಗಿನ ಪದರಕ್ಕೆ ಅಂಟಿಸೋಕೆ. ಬೇಗ ಒಡೆಯೋ ಆರ್‌ಎಸ್-1 ಎಮಲ್ಷನ್. ಪ್ರೈಮ್ ಆದ ಜಲ್ಲಿ ಮೇಲೆ 0.25ರಿಂದ 0.30 ಕಿಲೋ, ಹಳೇ ಡಾಂಬರಿನ ಮೇಲಾದರೆ 0.20ರಿಂದಲೂ ನಡೆಯುತ್ತೆ. 0.25 ಅಂದರೂ ನಮ್ಮ ರಸ್ತೆಗೆ 375 ಕಿಲೋ, ಹೆಚ್ಚುಕಮ್ಮಿ ಎರಡು ಡ್ರಮ್. ಈ ಅಂಕಿಯೆಲ್ಲ ಎಮಲ್ಷನ್ ತೂಕ. ಆರ್‌ಎಸ್-1ರಲ್ಲಿ ಡಾಂಬರು ನೂರಕ್ಕೆ ಕನಿಷ್ಠ 60 ಭಾಗ ಇರಬೇಕು, ಅಂದರೆ ನೀರು ಆರಿದ ಮೇಲೆ ರಸ್ತೆಯಲ್ಲಿ ಉಳಿಯೋದು ಚದರ ಮೀಟರಿಗೆ ಬರೀ 150 ಗ್ರಾಂ. ಅದೇ ಗೋಂದು. ಆ 150 ಗ್ರಾಮಿಗೂ ಕಣ್ಣು ಹಾಕ್ತಾರೆ ನೋಡಿ!

ಸ್ಪ್ರೇಯರ್ ಬರೋ ಮುಂಚೆ ರಸ್ತೆ ಮೇಲೆ ಟ್ರೇ ಇಟ್ಟಿದ್ದೆ. 30 ಸೆಂಟಿಮೀಟರ್ ಚೌಕದ ತಗಡಿನ ಟ್ರೇ, ಖಾಲಿ ತೂಕ ಮೊದಲೇ ಬರೆದಿಟ್ಟದ್ದು. ಸ್ಪ್ರೇ ಆದ ತಕ್ಷಣ ತೂಗಿದರೆ 22.5 ಗ್ರಾಂ ಜಾಸ್ತಿ. ಟ್ರೇ ವಿಸ್ತೀರ್ಣ 0.09 ಚದರ ಮೀಟರ್, ಭಾಗಿಸಿದರೆ ಸರಿಯಾಗಿ 0.25. ಮೇಸ್ತ್ರಿ ಹಲ್ಲು ಕಿಸಿದ: "ನೋಡಿ ಸಾರ್, ಕರೆಕ್ಟಾಗಿದೆ. ಬರ್ಕೊಳ್ಳಿ."

ಬರ್ಕೊಳ್ಳಲಿಲ್ಲ. ಆ ಬಣ್ಣ ನನಗೆ ಹಿಡಿಸಲಿಲ್ಲ. ಆರ್‌ಎಸ್-1 ಬೀಳುವಾಗ ಗಾಢ ಕಂದು ಇರುತ್ತೆ, ಒಡೆದಂತೆ ಕಪ್ಪಾಗುತ್ತೆ. ಇದು ಹಾಲು ಜಾಸ್ತಿಯಾದ ಕಾಫಿ ಥರ ಇತ್ತು, ಇಳಿಜಾರಿನ ಕಡೆ ಗೆರೆ ಗೆರೆಯಾಗಿ ಹರೀತಿತ್ತು. ಅದೇ ಟ್ರೇನ ಬಿಸಿಯಲ್ಲಿಟ್ಟು, ತೂಕ ಇಳಿಯೋದು ನಿಲ್ಲೋವರೆಗೂ ಒಣಗಿಸಿದೆ. ಉಳಿದದ್ದು 7.2 ಗ್ರಾಂ. ಇರಬೇಕಾದ್ದು 13.5.

ಹೋಗಿ ಡ್ರಮ್ ನೋಡಿದರೆ ಖಾಲಿ ಆಗಿದ್ದು ಒಂದೇ. 200 ಕಿಲೋ ಎಮಲ್ಷನ್ನಿಗೆ 175 ಲೀಟರ್ ನೀರು ಸುರಿದು 375 ಮಾಡಿದ್ರು. ಒಂದು ಡ್ರಮ್ಮಲ್ಲಿ 120 ಕಿಲೋ ಡಾಂಬರು, 1500 ಚದರ ಮೀಟರಿಗೆ ಹಂಚಿದರೆ ತಲಾ 80 ಗ್ರಾಂ. ಟ್ರೇ ಲೆಕ್ಕವೂ ಕರಾರುವಾಕ್ಕಾಗಿ ಅಷ್ಟೇ ಹೇಳ್ತು. ಹಸಿ ತೂಕ ಮಾತ್ರ ನೋಡೋ ಇಂಜಿನಿಯರಿಗೆ ಟೋಪಿ ಹಾಕೋಕೆ ಎಷ್ಟು ನೀರು ಬೇಕು ಅನ್ನೋದನ್ನ ಕಿಲೋ ಲೆಕ್ಕದಲ್ಲಿ ಕಲ್ತಿದಾರೆ. ಈ ಗಣಿತ ಬರೋರಿಗೆ ನಾಜಲ್ ತೊಳೆಯೋಕೆ ಮಾತ್ರ ಬರಲ್ಲ!

ಕೇಳಿದ್ದಕ್ಕೆ ಬಂದ ಉತ್ತರ: "ನೀರು ಹಾಕ್ದಿದ್ರೆ ಸ್ಪ್ರೇ ಆಗಲ್ಲ ಸಾರ್." ಪ್ರೈಮರಿನ ಎಸ್‌ಎಸ್-1 ಬಗ್ಗೆ ಹೇಳಿದ್ರೆ ಮಾತಾಡೋಣ ಅನ್ನಬಹುದಿತ್ತು. ಆರ್‌ಎಸ್-1 ನೀರು ಬೆರೆಸೋ ಮಾಲೇ ಅಲ್ಲ. ಇನ್ನೊಬ್ಬ ಪುಣ್ಯಾತ್ಮ ಸಂಧಾನಕ್ಕೆ ಬಂದ, ನಾಳೆ ಇದರ ಮೇಲೇ ಇನ್ನೆರಡು ಡ್ರಮ್ ಹೊಡೆಸ್ತೀನಿ ಅಂತ. ಅಯ್ಯಾ, 80ರ ಮೇಲೆ 160 ಗ್ರಾಂ ಸೇರಿದರೆ 240, ಬೇಕಾದ್ದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ದಪ್ಪ ಟ್ಯಾಕ್ ಕೋಟು ಅಂಟಲ್ಲ, ಬಿಸಿಲಿಗೆ ಮೆತ್ತಗಾಗಿ ಮೇಲಿನ ಪದರ ಜಾರುತ್ತೆ, ಡಾಂಬರು ಮೇಲೆ ಉಕ್ಕಿ ರಸ್ತೆ ಹೊಳೆಯುತ್ತೆ. ಕಡಿಮೆಯಾದರೂ ಜಾರಾಟ ತಪ್ಪಿದ್ದಲ್ಲ. ಗಾಡಿಗಳು ಬ್ರೇಕ್ ಹಾಕೋ ಕಡೆ, ತಿರುವಿನಲ್ಲಿ ಅರ್ಧಚಂದ್ರದ ಬಿರುಕು ಬಿಡುತ್ತಲ್ಲ, ಅದು ಈ ಪದರ ಹಿಡೀದೆ ಇರೋದರ ಗುರುತು. ಜನ ಮಾತ್ರ "ಡಾಂಬರು ಮಿಕ್ಸ್ ಸರಿಯಿಲ್ಲ" ಅಂತ ಪ್ಲಾಂಟಿನವನಿಗೆ ಬೈತಾರೆ.

ಕೊರತೆ 70 ಗ್ರಾಂ ಡಾಂಬರು, ಎಮಲ್ಷನ್ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 0.12 ಕಿಲೋ. ಅಷ್ಟನ್ನೇ ನೀರಿಲ್ಲದ ಮಾಲಿನಲ್ಲಿ ಹೊಡೆಸಿ, ಪೂರ್ತಿ ಕಪ್ಪಾದ ಮೇಲೆ ಮಿಕ್ಸ್ ಹಾಸೋ ಪೇವರ್ ಬಿಡಿ ಅಂದೆ. ಅದಕ್ಕೂ ಕಿರಿಕಿರಿ: ಮಿಕ್ಸ್ ಲಾರಿ ಬಂದು ನಿಂತಿದೆ, ತಣ್ಣಗಾಗುತ್ತೆ, ನಿಮ್ಮಿಂದ ನಷ್ಟ! ಬಿಲ್ಲಿನಲ್ಲಿ ದುಡ್ಡು ಬರೋದು ಚದರ ಮೀಟರಿಗೆ, ಕಿಲೋಗಲ್ಲ. ಒಂದು ಡ್ರಮ್ ಹೊಡೆದರೂ 1500, ಎರಡು ಹೊಡೆದರೂ 1500. ಮೇಲೆ ಮಿಕ್ಸ್ ಬಿದ್ದುಬಿಟ್ಟರೆ ರಸ್ತೆಯಿಂದ ಕಂಬದಂಥ ಒಂದು ಕೋರ್ ಕೊರೆದು ತೆಗೆದು, ಅದು ಎರಡು ತುಂಡಾಗಿ ಕೈಗೆ ಬರೋವರೆಗೂ ಯಾರಿಗೂ ಗೊತ್ತಾಗಲ್ಲ. ಅವಸರ ಯಾಕೆ ಅಂತ ಈಗ ನೀವೇ ಹೇಳಿ.